ಸೌಟಿನ ಅಳತೆ ಮತ್ತು ಮೆನುವಿನ ಚಿತ್ರ

ಮೆನು ಕಾರ್ಡಿನಲ್ಲಿ ಅಚ್ಚಾಗುವ ತಿಂಡಿಯ ಚಿತ್ರವನ್ನು ಈಗ ಕ್ಯಾಮೆರಾ ಇಲ್ಲದೆಯೇ ಮಾಡಿಕೊಳ್ಳಬಹುದು. ಚಿತ್ರ ರಚಿಸುವ ಕೃತಕ ಬುದ್ಧಿಮತ್ತೆಯ ಸಾಧನಕ್ಕೆ ಕೆಲವು ಸಾಲುಗಳ ಸೂಚನೆ ಬರೆದುಕೊಟ್ಟರೆ ಒಂದು ನಿಮಿಷದೊಳಗೆ ಪ್ಲೇಟು, ತಿಂಡಿ, ಹಬೆ ಎಲ್ಲವೂ ಕೂಡಿದ ಚಿತ್ರ ಸಿದ್ಧ. ಈ ಸೂಚನೆಯನ್ನೇ ಪ್ರಾಂಪ್ಟ್ ಎನ್ನುತ್ತಾರೆ. ಅದನ್ನು ಹೇಗೆ ಬರೆಯಬೇಕು ಎಂಬ ಬಗ್ಗೆ ಹೋಟೆಲಿನವರಲ್ಲೂ ಮೆನು ವಿನ್ಯಾಸ ಮಾಡಿಕೊಡುವವರಲ್ಲೂ ಒಂದು ಅಭಿಪ್ರಾಯ ಬೇರೂರಿದೆ: ಪ್ರಾಂಪ್ಟ್ ಎಂದರೆ ಜಾಹೀರಾತಿನ ಒಕ್ಕಣೆ. ಬಾಯಲ್ಲಿ ನೀರೂರಿಸುವ, ಹಬೆಯಾಡುವ, ತುಂಬಿ ತುಳುಕುವ, ಪಂಚತಾರಾ ಹೋಟೆಲಿನ ಮಟ್ಟದ ಎಂಬ ವಿಶೇಷಣಗಳು ಎಷ್ಟು ಸೇರಿದರೆ ಚಿತ್ರ ಅಷ್ಟು ಚೆನ್ನ, ಚಿತ್ರ ಚೆನ್ನಾದಷ್ಟೂ ವ್ಯಾಪಾರ ಚೆನ್ನ. ಪ್ಲೇಟಿನಲ್ಲಿ ನಿಜಕ್ಕೂ ಬರುವುದು ಎಷ್ಟು ಎಂಬುದು ಅಡುಗೆಮನೆಯ ವಿಚಾರ, ಚಿತ್ರದ ವಿಚಾರವಲ್ಲ ಎಂದೂ ಈ ಮತದವರು ಹೇಳುತ್ತಾರೆ.

ಈ ಮತ ತಪ್ಪು. ಮೆನುವಿನ ಚಿತ್ರ ಬೀದಿಯ ಫಲಕದ ಮೇಲಿನ ಚಿತ್ರದಂಥದ್ದಲ್ಲ. ಅದರ ಪಕ್ಕದಲ್ಲೇ ಬೆಲೆ ಇರುತ್ತದೆ. ಗಿರಾಕಿ ಚಿತ್ರವನ್ನೂ ಬೆಲೆಯನ್ನೂ ಒಟ್ಟಿಗೆ ಓದಿ, ಇಷ್ಟು ಹಣಕ್ಕೆ ಇಷ್ಟು ತಿಂಡಿ ಎಂದು ಲೆಕ್ಕ ಹಾಕುತ್ತಾನೆ. ಒಂದು ಪ್ಲೇಟು ಸಾಕೋ, ಮಗುವಿಗೂ ಹಂಚಬಹುದೋ, ಜೊತೆಗೆ ಇನ್ನೇನಾದರೂ ಹೇಳಬೇಕೋ ಎಂದು ನಿರ್ಧರಿಸುತ್ತಾನೆ. ಕೈಯಲ್ಲಿ ಎಣಿಸಿದ ದುಡ್ಡು ಹಿಡಿದು ಬರುವವನಿಗೆ ಈ ಲೆಕ್ಕವೇ ಮಧ್ಯಾಹ್ನದ ಊಟ. ಆದ್ದರಿಂದ ಮೆನು ಚಿತ್ರದ ಪ್ರಾಂಪ್ಟ್ ಹುಟ್ಟಬೇಕಾದದ್ದು ಸೌಟಿನ ಅಳತೆಯಿಂದ, ಬಡಿಸಿದ ಪ್ಲೇಟನ್ನು ಕಣ್ಣಾರೆ ನೋಡಿ.

ವಿಶೇಷಣಗಳು ಚಿತ್ರವನ್ನು ಏಕೆ ಕೆಡಿಸುತ್ತವೆ ಎಂಬುದಕ್ಕೆ ಈ ಸಾಧನಗಳು ತಯಾರಾದ ಬಗೆಯಲ್ಲೇ ಕಾರಣವಿದೆ. ಅವು ಚಿತ್ರ ಮತ್ತು ಚಿತ್ರದ ಜೊತೆಗಿನ ಬರಹ ಎರಡನ್ನೂ ಜೋಡಿಯಾಗಿ ಕೋಟಿಗಟ್ಟಲೆ ನೋಡಿ ಕಲಿತವು. 2022ರಲ್ಲಿ ಬಿಡುಗಡೆಯಾದ ಲಯಾನ್-5ಬಿ ಎಂಬ ಸಂಗ್ರಹದಲ್ಲಿ ಅಂತರ್ಜಾಲದಿಂದ ಬಾಚಿ ತಂದ 500 ಕೋಟಿಗೂ ಹೆಚ್ಚು ಇಂಥ ಜೋಡಿಗಳಿವೆ. ಸ್ಟೇಬಲ್ ಡಿಫ್ಯೂಷನ್ ಎಂಬ ಹೆಸರಾಂತ ಸಾಧನದ ಮೊದಲ ಆವೃತ್ತಿಗಳು ಇದೇ ಸಂಗ್ರಹದ ಭಾಗಗಳಿಂದ ಕಲಿತವು; ಕೊನೆಯ ಹಂತದ ಕಲಿಕೆಗೆ ನೋಡುಗರಿಗೆ ಇಷ್ಟವಾಗಬಹುದೆಂದು ಯಂತ್ರವೇ ಅಂಕ ಹಾಕಿ ಆರಿಸಿದ ಚಿತ್ರಗಳನ್ನು ಬಳಸಲಾಯಿತು. ಊಟದ ಚಿತ್ರಗಳ ಕೆಳಗೆ 'ರುಚಿಕರ', 'ಬಾಯಲ್ಲಿ ನೀರೂರಿಸುವ' ಎಂದು ಬರೆಯುವವರು ಯಾರು? ಬಹುಪಾಲು ಮಾರುವವರು. ಅವರ ಚಿತ್ರಗಳು ಸ್ಟುಡಿಯೋದಲ್ಲಿ ತೆಗೆದವು, ಆಹಾರವನ್ನು ಗುಡ್ಡೆ ಹಾಕಿ ತೆಗೆದವು. ಹೀಗಾಗಿ ಆ ಪದವನ್ನು ಪ್ರಾಂಪ್ಟಿನಲ್ಲಿ ಬರೆದೊಡನೆ ಸಾಧನ ರುಚಿಯನ್ನು ತರುವುದಿಲ್ಲ, ಅದು ತರುವುದು ಆ ಪದದೊಡನೆ ಕಂಡಿದ್ದನ್ನು: ಗುಡ್ಡೆ, ಕಪ್ಪು ಮರದ ಮೇಜು, ಸುತ್ತ ಚೆಲ್ಲಿದ ಮಸಾಲೆ, ಮೇಲೆ ಕೊತ್ತಂಬರಿ ಸೊಪ್ಪಿನ ಕಟ್ಟು. ಯಾರೂ ಪ್ರಮಾಣವನ್ನು ಹೆಚ್ಚಿಸು ಎಂದು ಬರೆದಿರುವುದಿಲ್ಲ. ಆದರೂ ಒಂದು ಪ್ಲೇಟು ಎರಡು ಪ್ಲೇಟಾಗಿರುತ್ತದೆ.

ಈ ಮತದವರು ಮುಂದಿಡುವ ಮೊದಲ ಸಮರ್ಥನೆ, ಆಹಾರದ ಚಿತ್ರದಲ್ಲಿ ಮೋಸ ಹಿಂದಿನಿಂದಲೂ ಇತ್ತು, ಈಗ ಯಂತ್ರ ಅದನ್ನೇ ಮಾಡುತ್ತಿದೆ ಎಂಬುದು. ಇತ್ತು ಎಂಬುದು ನಿಜ. ಒಪ್ಪಲಾಗಿತ್ತು ಎಂಬುದು ನಿಜವಲ್ಲ. ಅಮೆರಿಕದ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಜಾಹೀರಾತಿನ ಬಟ್ಟಲಿನ ತಳದಲ್ಲಿ ಗಾಜಿನ ಗೋಲಿಗಳನ್ನು ಹಾಕಿ, ಮುಳುಗಬೇಕಾದ ತರಕಾರಿ ತುಂಡುಗಳನ್ನು ಮೇಲೆ ತೇಲುವಂತೆ ತೋರಿಸಲಾಗಿತ್ತು. ಬಟ್ಟಲಿನಲ್ಲಿದ್ದ ಸೂಪು ಅಸಲಿಯೇ, ತರಕಾರಿಯೂ ಅಸಲಿಯೇ. ಇದೆ ಎಂದು ತೋರಿದ ಪ್ರಮಾಣ ಮಾತ್ರ ಸುಳ್ಳು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಅದನ್ನು ದಾರಿ ತಪ್ಪಿಸುವ ಜಾಹೀರಾತು ಎಂದು ಪ್ರಶ್ನಿಸಿತು. 1970ರಲ್ಲಿ ಕಂಪನಿ ಅಂಥ ಚಿತ್ರಣವನ್ನು ಬಿಡಲು ಒಪ್ಪಿದ ಆದೇಶದೊಂದಿಗೆ ಪ್ರಕರಣ ಮುಗಿಯಿತು. ಅದಕ್ಕೂ ಐದು ವರ್ಷ ಮೊದಲು, ಕೋಲ್ಗೇಟ್-ಪಾಮೋಲಿವ್ ಕಂಪನಿಯ ಶೇವಿಂಗ್ ಕ್ರೀಮಿನ ಮೊಕದ್ದಮೆಯಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಇನ್ನೂ ಸೂಕ್ಷ್ಮವಾದ ಗೆರೆಯೊಂದನ್ನು ಎಳೆದಿತ್ತು. ಸ್ಟುಡಿಯೋದ ದೀಪದ ಬಿಸಿಗೆ ಐಸ್‌ಕ್ರೀಮ್ ಕರಗುತ್ತದೆಂದು ಅದರ ಜಾಗದಲ್ಲಿ ಅರೆದ ಆಲೂಗಡ್ಡೆ ಇಟ್ಟು ಚಿತ್ರ ತೆಗೆಯುವುದು ಒಂದು ವಿಷಯ. ಚಿತ್ರವನ್ನೇ ಸರಕಿನ ಗುಣಕ್ಕೆ ಸಾಕ್ಷಿಯಾಗಿ ಒಡ್ಡುವಾಗ ನಕಲಿ ವಸ್ತು ಬಳಸುವುದು ಇನ್ನೊಂದು ವಿಷಯ. ಮೆನುವಿನ ಚಿತ್ರ ಎರಡನೆಯ ಗುಂಪಿಗೆ ಸೇರುತ್ತದೆ. ಎಷ್ಟು ಬರುತ್ತದೆ ಎಂಬ ಪ್ರಶ್ನೆಗೆ ಗಿರಾಕಿಯ ಮುಂದಿರುವ ಏಕೈಕ ಸಾಕ್ಷಿ ಅದು.

ಭಾರತದ ಕಾನೂನು ಈ ವಿಷಯದಲ್ಲಿ ಇನ್ನೂ ನೇರವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸರಕಿನ ಸ್ವರೂಪ, ಸಾರ, ಪ್ರಮಾಣ, ಗುಣಮಟ್ಟ ಇವುಗಳಲ್ಲಿ ಯಾವುದರ ಬಗ್ಗೆಯಾದರೂ ಗ್ರಾಹಕರನ್ನು ದಾರಿ ತಪ್ಪಿಸುವ ಸಾಧ್ಯತೆಯಿರುವ ಜಾಹೀರಾತು ತಪ್ಪು ಜಾಹೀರಾತೇ. ಪ್ರಮಾಣ ಎಂಬ ಮಾತು ಅಲ್ಲಿ ಬಿಡಿಯಾಗಿ ಹೆಸರಿಸಲ್ಪಟ್ಟಿದೆ. ಜಾಹೀರಾತು ಎಂಬುದರ ವ್ಯಾಖ್ಯೆಯೂ ವಿಶಾಲವಾಗಿದೆ. ಮುದ್ರಣದಲ್ಲಿ ಅಥವಾ ಅಂತರ್ಜಾಲದಲ್ಲಿ ಮಾಡುವ ದೃಶ್ಯ ನಿರೂಪಣೆ ಅದರೊಳಗೆ ಬರುತ್ತದೆ. ತಯಾರಕರಿಗೆ ಮೊದಲ ಸಲಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಸಣ್ಣ ಹೋಟೆಲಿನ ಮೇಲೆ ಇದನ್ನು ಯಾರು ಪ್ರಯೋಗಿಸುತ್ತಾರೆ ಎಂದು ಕೇಳುವವರಿದ್ದಾರೆ. ಪ್ರಯೋಗಿಸದಿರುವುದು ಸುಳ್ಳನ್ನು ನಿಜ ಮಾಡುವುದಿಲ್ಲ.

ಇನ್ನು ಪ್ರಮಾಣ. ಇಲ್ಲಿ ಒಂದು ತಿಂಡಿಯನ್ನೇ ಹಿಡಿದು ಕೊನೆಯವರೆಗೆ ನೋಡುವುದು ಒಳ್ಳೆಯದು. ಇಡ್ಲಿ ವಡೆಗಳನ್ನು ಎಣಿಸಬಹುದು. ಎರಡು ಇಡ್ಲಿ, ಒಂದು ವಡೆ ಎಂದು ಬರೆದು, ಚಿತ್ರದಲ್ಲಿ ಎಣಿಸಿ ನೋಡಿದರೆ ಅರ್ಧ ಕೆಲಸ ಮುಗಿಯಿತು. ಕಷ್ಟವಿರುವುದು ಎಣಿಸಲಾಗದ ತಿಂಡಿಯಲ್ಲಿ. ದರ್ಶಿನಿಯ ಬಿಸಿಬೇಳೆ ಬಾತ್ ಅಂಥದ್ದು.

ಒಂದು ಹೋಟೆಲಿನಲ್ಲಿ 150 ಮಿಲಿಲೀಟರ್ ಹಿಡಿಯುವ ಸೌಟಿನಿಂದ ಎರಡು ಸೌಟು ಬಾತ್ ಬಡಿಸುತ್ತಾರೆ ಎಂದಿಟ್ಟುಕೊಳ್ಳೋಣ. ಒಟ್ಟು 300 ಮಿಲಿಲೀಟರ್, ತೂಕ ಹೆಚ್ಚುಕಡಿಮೆ 300 ಗ್ರಾಂ. ಪ್ರಾಮಾಣಿಕವಾಗಿರಬೇಕೆಂದು ಬಯಸುವವರು ಸಾಮಾನ್ಯವಾಗಿ ಪ್ರಾಂಪ್ಟಿನಲ್ಲಿ '300 ಗ್ರಾಂ ಬಿಸಿಬೇಳೆ ಬಾತ್' ಎಂದು ಬರೆದು ಸಮಾಧಾನಪಡುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಸಾಧನಕ್ಕೆ ತಕ್ಕಡಿ ಇಲ್ಲ. ಗ್ರಾಂ ಎಂಬ ಅಂಕಿ ಅದಕ್ಕೆ ಒಂದು ಆಕಾರವಾಗಿ ಕಾಣುವುದಿಲ್ಲ. ಅದು ಬಲ್ಲದ್ದು ಒಂದು ವಸ್ತುವಿನ ಪಕ್ಕ ಇನ್ನೊಂದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು. ಹಾಗಾಗಿ ತೂಕವನ್ನು ಆಕಾರಕ್ಕೆ, ಆಕಾರವನ್ನು ಹೋಲಿಕೆಯ ಅಳತೆಗೆ ತಿರುಗಿಸುವ ಕೆಲಸ ಬರೆಯುವವರದು.

ಅಳೆಯುವುದಕ್ಕೆ ಬೇಕಾದದ್ದು ಒಂದು ಅಡಿಪಟ್ಟಿ. ಈ ಹೋಟೆಲಿನ ಪ್ಲೇಟಿನ ಅಡ್ಡಗಲ 22 ಸೆಂಟಿಮೀಟರ್. ಎರಡು ಸೌಟು ಬಾತ್ ಅದರ ನಡುವೆ ಹರಡಿ ಸುಮಾರು 16 ಸೆಂಟಿಮೀಟರ್ ಅಗಲಕ್ಕೆ ನಿಲ್ಲುತ್ತದೆ. ಸುತ್ತ ಮೂರು ಮೂರು ಸೆಂಟಿಮೀಟರ್ ಸ್ಟೀಲು ಬರಿದಾಗಿ ಕಾಣುತ್ತದೆ. ಬಾತ್ ಮಧ್ಯದಲ್ಲಿ ತುಸು ಉಬ್ಬಿರುತ್ತದೆ. ಅಷ್ಟು ಅಗಲದ ಉಬ್ಬಿನಲ್ಲಿ 300 ಮಿಲಿಲೀಟರ್ ಹಿಡಿಯಬೇಕಾದರೆ ನಡುವಿನ ಎತ್ತರ 3 ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ಇರಬೇಕು. ಈಗ ಸಾಧನ ತಾನಾಗಿ ಬಿಡಿಸಿಕೊಡುವ ಚಿತ್ರವನ್ನು ನೋಡಬೇಕು: ಅದೇ ಪ್ಲೇಟು, ಅದೇ ಅಗಲ, ಆದರೆ ನಡುವೆ ಗೋಪುರದಂತೆ ಎದ್ದ 6 ಸೆಂಟಿಮೀಟರ್ ಎತ್ತರ. ಆ ಗುಮ್ಮಟದ ಗಾತ್ರವನ್ನು ಲೆಕ್ಕ ಹಾಕಿದರೆ 700 ಮಿಲಿಲೀಟರ್ ದಾಟುತ್ತದೆ. ಅಂದರೆ ಎರಡು ಸೌಟಿನ ಬೆಲೆಯ ಪಕ್ಕದಲ್ಲಿ ಸುಮಾರು ಐದು ಸೌಟು ಬಾತ್ ಕೂತಿದೆ. ನೋಡುವ ಕಣ್ಣಿಗೆ ಇದು 'ಸ್ವಲ್ಪ ಚೆನ್ನಾಗಿ ಬಂದ ಚಿತ್ರ' ಅಷ್ಟೇ. ಎತ್ತರ ಇಮ್ಮಡಿಯಾದರೆ ಗಾತ್ರ ಇಮ್ಮಡಿಗೂ ಮೀರುತ್ತದೆ ಎಂಬುದು ಕಣ್ಣಿಗೆ ಹೊಳೆಯದ ಲೆಕ್ಕ. ಈ ಮೋಸ ಸುಲಭವಾಗಿ ಸಾಗುವುದು ಅದರಿಂದಲೇ. ಅಂಥ ಗೋಪುರ ಒಲೆಯಿಂದಿಳಿದ ಬಿಸಿಬೇಳೆ ಬಾತಿನಲ್ಲಿ ನಿಲ್ಲುವುದೂ ಇಲ್ಲ. ಅದು ಹರಿಯುವ ಪದಾರ್ಥ. ನಿಂತಿದೆ ಎಂದರೆ ಚಿತ್ರ ಪ್ರಮಾಣದ ಜೊತೆಗೆ ಹದವನ್ನೂ ಸುಳ್ಳು ಹೇಳುತ್ತಿದೆ, ತಣ್ಣಗಾಗಿ ಗಟ್ಟಿಯಾದ ಬಾತನ್ನು ಬಿಸಿಯೆಂದು ತೋರಿಸುತ್ತಿದೆ.

ಅಳೆದದ್ದನ್ನು ಪ್ರಾಂಪ್ಟಿಗೆ ತರುವಾಗ ಸೆಂಟಿಮೀಟರ್ ಬಿಟ್ಟು ಹೋಲಿಕೆ ಬರೆಯಬೇಕು. ಬಾತ್ ಪ್ಲೇಟಿನ ಅಗಲದ ಮುಕ್ಕಾಲು ಭಾಗದಷ್ಟು ಹರಡಿದೆ; ಎತ್ತರ ಅದರ ಅಗಲದ ಐದನೇ ಒಂದು ಭಾಗಕ್ಕಿಂತ ಕಡಿಮೆ; ಸುತ್ತ ಬರಿ ಸ್ಟೀಲಿನ ಅಂಚು ಕಾಣುತ್ತದೆ. ಜೊತೆಗೆ ಗಾತ್ರ ಎಲ್ಲರಿಗೂ ಗೊತ್ತಿರುವ ಒಂದೆರಡು ವಸ್ತುಗಳನ್ನು ಇಡಿಸಬೇಕು. 16 ಸೆಂಟಿಮೀಟರಿನ ಸಾಮಾನ್ಯ ಚಮಚ ಬಾತಿನ ಅಗಲದಷ್ಟೇ ಉದ್ದವಿರುತ್ತದೆ. ಪಕ್ಕದ ಕಾಫಿ ಲೋಟ ಏಳೆಂಟು ಸೆಂಟಿಮೀಟರ್ ಎತ್ತರವಿದ್ದರೆ ಬಾತ್ ಅದರ ಅರ್ಧಕ್ಕೂ ಬರುವುದಿಲ್ಲ. ಇಲ್ಲಿ ಒಂದು ಎಚ್ಚರ ಬೇಕು. ಗುಡ್ಡೆಯನ್ನು ದೊಡ್ಡದು ಮಾಡಲಾಗದಾಗ ಸಾಧನ ಚಮಚವನ್ನೇ ಚಿಕ್ಕದು ಮಾಡುವುದುಂಟು. ಆಗ ಪ್ರಮಾಣ ಬಂದ ದಾರಿಯಲ್ಲೇ ಮತ್ತೆ ಹಿಗ್ಗುತ್ತದೆ. ಹಾಗಾಗಿ ಚಮಚಕ್ಕೂ ಪ್ಲೇಟಿಗೂ ಇರುವ ಅನುಪಾತವನ್ನು ಪ್ರಾಂಪ್ಟಿನಲ್ಲೇ ಹೇಳಿ, ಬಂದ ಚಿತ್ರದಲ್ಲಿ ಅಳೆದು ನೋಡಬೇಕು.

ನೋಡುವ ಕೋನವೂ ಪ್ರಮಾಣದ ಭಾಗವೇ. ಮೇಜಿನ ಮಟ್ಟಕ್ಕೆ ತಗ್ಗಿ ನೋಡಿದ ಚಿತ್ರದಲ್ಲಿ ಮುಂದಿನ ಅಂಚು ಎದ್ದು ನಿಂತು, ಹಿಂದೆ ಎಷ್ಟಿದೆ ಎಂಬುದು ಮರೆಯಾಗುತ್ತದೆ. ನೇರ ಮೇಲಿನಿಂದ ನೋಡಿದರೆ ಅಗಲ ಸರಿಯಾಗಿ ಕಾಣುತ್ತದೆ, ಎತ್ತರ ಕಾಣುವುದೇ ಇಲ್ಲ. ತೆಳ್ಳಗೆ ಬಳಿದ ಬಾತೂ ಅಲ್ಲಿ ತುಂಬು ಪ್ಲೇಟು. ಕುಳಿತವನ ಅಥವಾ ಕೌಂಟರಿನ ಮುಂದೆ ನಿಂತವನ ಕಣ್ಣು ಪ್ಲೇಟನ್ನು ನೋಡುವ 45 ಡಿಗ್ರಿಯ ಆಸುಪಾಸಿನ ಕೋನವೇ ಎರಡನ್ನೂ ತೋರಿಸುವುದು. ತೀರಾ ಹತ್ತಿರದಿಂದ ತೆಗೆದಂತೆ ಕಾಣುವ ಚಿತ್ರದಲ್ಲಿ ಮುಂದಿನದು ಹಿಗ್ಗುತ್ತದೆ, ಆದ್ದರಿಂದ ಸ್ವಲ್ಪ ದೂರದಿಂದ ನೋಡಿದಂತೆ, ಇಡೀ ಪ್ಲೇಟು ಚೌಕಟ್ಟಿನೊಳಗೆ ಇರುವಂತೆ ಎಂದು ಬರೆಯಬೇಕು. ಪ್ಲೇಟಿನ ಅಂಚು ಚೌಕಟ್ಟಿನಾಚೆ ಕತ್ತರಿಸಿ ಹೋದ ಚಿತ್ರದಲ್ಲಿ ಪ್ರಮಾಣವನ್ನು ಯಾರೂ ಅಳೆಯಲಾರರು. ಮೆನು ವಿನ್ಯಾಸಕರಿಗೆ ಅಂಥ ಚಿತ್ರಗಳೇ ಹೆಚ್ಚು ಪ್ರಿಯ ಎಂಬುದು ಬೇಸರದ ಸಂಗತಿ.

ಬಡಿಸುವ ಅಂದದ ವಿಷಯದಲ್ಲಿ ಪ್ರಚಲಿತ ಮತ ಹೇಳುವುದು, ಅಲಂಕಾರಕ್ಕೆ ಮಿತಿ ಇರಬಾರದು ಎಂದು. ಆದರೆ ಬಿಸಿಬೇಳೆ ಬಾತಿನ ಮೇಲೆ ಕಾಣುವ ಪ್ರತಿಯೊಂದು ವಸ್ತುವಿಗೂ ಅಡುಗೆಮನೆಯಲ್ಲಿ ಬೆಲೆ ಇದೆ. ಭಟ್ಟರು ಒಗ್ಗರಣೆಯಲ್ಲಿ ಹಾಕಿದ ಗೋಡಂಬಿ ಒಂದು ಪ್ಲೇಟಿಗೆ ಎರಡು ಹೋಳು ಬಂದರೆ ಹೆಚ್ಚು. ಸಾಧನ ತಾನಾಗಿ ಹತ್ತು ಹನ್ನೆರಡು ಇಡೀ ಗೋಡಂಬಿಗಳನ್ನು ಹೊಳೆಯುವಂತೆ ಜೋಡಿಸುತ್ತದೆ. ಒಂದು ಚಮಚ ತುಪ್ಪ ಹಾಕುವ ಕಡೆ ತುಪ್ಪದ ಹೊಂಡ ಬರುತ್ತದೆ. ಖಾರಾ ಬೂಂದಿ ಬಾತನ್ನೇ ಮುಚ್ಚುತ್ತದೆ. ನಿಂಬೆಯ ಹೋಳು, ಇಡೀ ಒಣಮೆಣಸಿನಕಾಯಿಗಳ ಸಾಲು, ಕೊತ್ತಂಬರಿಯ ಕಟ್ಟು ಯಾವ ಪ್ಲೇಟಿನಲ್ಲೂ ಹೋಗದಿದ್ದರೂ ಚಿತ್ರದಲ್ಲಿ ಹಾಜರಾಗುತ್ತವೆ. ಇದಕ್ಕೆಲ್ಲ ಉತ್ತರ ಬಡಿಸುವ ಕ್ರಮವನ್ನೇ ಬರೆಯುವುದು: ಎರಡು ಹೋಳು ಗೋಡಂಬಿ, ನಾಲ್ಕೈದು ಕರಿಬೇವಿನ ಎಲೆ, ಒಂದು ಚಮಚ ಕರಗಿದ ತುಪ್ಪ, ಅಂಚಿನಲ್ಲಿ ಒಂದು ಚಮಚ ಬೂಂದಿ.

ಹೆಸರನ್ನು ಮಾತ್ರ ನಂಬಿದರೆ ಇನ್ನೊಂದು ತೊಂದರೆಯಿದೆ. ಸಾಧನಗಳು ಕಲಿತ ಚಿತ್ರಗಳಲ್ಲಿ ಬಿಸಿಬೇಳೆ ಬಾತಿನ ಪಾಲು ಬಿರಿಯಾನಿಯ ಪಾಲಿನ ಮುಂದೆ ಏನೂ ಅಲ್ಲ. ಹಾಗಾಗಿ ಹೆಸರು ಹೇಳಿದರೂ ಉದ್ದ ಅಕ್ಕಿ ಬಿಡಿಬಿಡಿಯಾಗಿ ನಿಂತ ಪಲಾವೋ ಹಳದಿ ಕಿಚಡಿಯೋ ಬರಬಹುದು. ಹೆಸರಿನ ಜೊತೆ ರೂಪವನ್ನೂ ಬರೆಯಬೇಕಾಗುತ್ತದೆ: ಅಕ್ಕಿ, ತೊಗರಿಬೇಳೆ, ಹುರುಳಿಕಾಯಿ, ಕ್ಯಾರೆಟ್, ಬಟಾಣಿ ಒಟ್ಟಿಗೆ ಬೆಂದು ಒಂದಾದ, ಹುಣಸೆ ಮತ್ತು ಪುಡಿಯಿಂದ ಕಿತ್ತಳೆ ಕಂದು ಬಣ್ಣಕ್ಕೆ ತಿರುಗಿದ ಬಾತ್. ಬರೆಯುವಾಗ 'ಬಿಡಿಬಿಡಿಯಾಗಿಲ್ಲದ', 'ನಿಂಬೆ ಇಲ್ಲದ' ಎಂಬ ನಕಾರಗಳನ್ನು ಆದಷ್ಟು ಬಿಡುವುದು ಮೇಲು. ನಿಂಬೆ ಎಂಬ ಪದ ಕಂಡರೆ ನಿಂಬೆಯನ್ನೇ ತಂದಿಡುವ ಚಾಳಿ ಹಲವು ಸಾಧನಗಳಿಗಿದೆ. ಬೇಡವಾದದ್ದನ್ನು ಬರೆಯಲು ಬೇರೆಯೇ ಜಾಗ ಕೊಟ್ಟಿರುವ ಸಾಧನಗಳಲ್ಲಿ ಅದನ್ನು ಅಲ್ಲಿ ಬರೆಯಬೇಕು. ಇಲ್ಲದಿದ್ದರೆ ಇರಬೇಕಾದದ್ದನ್ನಷ್ಟೇ ಪೂರ್ತಿಯಾಗಿ ಬರೆದು, ಬೇಡದ್ದಕ್ಕೆ ಜಾಗ ಇಲ್ಲದಂತೆ ಮಾಡಬೇಕು.

ಹಬೆಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಎಲ್ಲಕ್ಕಿಂತ ಹೆಚ್ಚು. ಹಬೆ ಇದ್ದರೆ ಬಿಸಿ, ಬಿಸಿ ಇದ್ದರೆ ತಾಜಾ, ಆದ್ದರಿಂದ ಎಲ್ಲ ತಿಂಡಿಗೂ ಹಬೆ ಇರಲಿ ಎಂಬುದು ರೂಢಿಯ ವಾದ. ಹೀಗೆ ತಯಾರಾದ ಮೆನುಗಳಲ್ಲಿ ಮೊಸರನ್ನದಿಂದ ಹಬೆ ಏಳುವುದನ್ನೂ ಕಾಯಿ ಚಟ್ನಿಯ ಬಟ್ಟಲು ಹೊಗೆಯಾಡುವುದನ್ನೂ ಕಾಣಬೇಕಾಗಿದೆ.

ನೀರಾವಿ ಕಣ್ಣಿಗೆ ಕಾಣುವುದಿಲ್ಲ. ಬಿಸಿ ಪದಾರ್ಥದಿಂದ ಎದ್ದ ಆವಿ ಮೇಲಿನ ತಂಪು ಗಾಳಿಗೆ ತಾಗಿ ಸಣ್ಣ ಸಣ್ಣ ಹನಿಗಳಾದಾಗ ಬೆಳಕು ಅವುಗಳಿಂದ ಚದುರುತ್ತದೆ, ಆಗ ಅದು ಹಬೆಯಾಗಿ ಕಾಣುತ್ತದೆ. ಈ ಒಂದು ಸಂಗತಿಯಿಂದ ಪ್ರಾಂಪ್ಟಿಗೆ ಬೇಕಾದ್ದೆಲ್ಲ ಸಿಗುತ್ತದೆ. ಹಬೆ ಹುಟ್ಟುವುದು ಆಹಾರದ ಮೇಲ್ಮೈಯಿಂದ, ಅದರಲ್ಲೂ ಚಮಚ ಹಾಕಿ ಕೆದಕಿದ ಜಾಗದಿಂದ. ಪ್ಲೇಟಿನ ಅಂಚಿನಿಂದಲ್ಲ, ಪ್ಲೇಟಿನ ಹಿಂದಿನಿಂದಲೂ ಅಲ್ಲ. ಮೇಲೆ ತುಪ್ಪ ಹರಡಿದ ಕಡೆ ಆವಿ ಕಡಿಮೆ ಏಳುತ್ತದೆ. ಎದ್ದದ್ದು ಗೇಣಿನಷ್ಟು ಮೇಲೇರುವಷ್ಟರಲ್ಲಿ ಗಾಳಿಯಲ್ಲಿ ಬೆರೆತು ಮಾಯವಾಗುತ್ತದೆ. ಬೆಳಕು ಹಿಂದಿನಿಂದಲೋ ಪಕ್ಕದ ಹಿಂದಿನಿಂದಲೋ ಬಿದ್ದು, ಹಿನ್ನೆಲೆ ಕಪ್ಪಾಗಿದ್ದರೆ ಮಾತ್ರ ಅದು ಸ್ಪಷ್ಟವಾಗಿ ಕಾಣುತ್ತದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಬಿಳಿ ಟೈಲ್ಸಿನ ಗೋಡೆಯ ಮುಂದೆ ಇಟ್ಟ ಅದೇ ಬಾತು ಅಷ್ಟೇ ಬಿಸಿಯಿದ್ದರೂ ಹಬೆ ಕಣ್ಣಿಗೆ ಬೀಳುವುದಿಲ್ಲ. ಸಾಧನಕ್ಕೆ ಬಿಳಿ ಹಿನ್ನೆಲೆ, ಮುಂದಿನ ಬೆಳಕು, ಜೊತೆಗೆ ದಟ್ಟ ಹಬೆ ಎಂದು ಒಟ್ಟಿಗೆ ಹೇಳಿದರೆ ಅದು ಹಬೆಯ ಬದಲು ಬೂದಿ ಬಣ್ಣದ ಹೊಗೆಯನ್ನು ಬಳಿಯುತ್ತದೆ. ನೋಡಿದವರಿಗೆ ಏನು ತಪ್ಪಿದೆ ಎಂದು ಹೇಳಲು ಬಾರದಿದ್ದರೂ ಸುಟ್ಟ ವಾಸನೆಯ ನೆನಪು ಬರುತ್ತದೆ.

ಹಬೆಗೂ ಪ್ರಮಾಣಕ್ಕೂ ಇರುವ ನಂಟು ಇನ್ನೂ ಗಂಭೀರವಾದದ್ದು. ದಟ್ಟ ಹಬೆ ಬಾತಿನ ಹಿಂದಿನ ಅಂಚನ್ನು ಮುಚ್ಚುತ್ತದೆ. ಹಿಂದಿನ ಅಂಚು ಕಾಣದಿದ್ದರೆ ರಾಶಿ ಎಲ್ಲಿ ಮುಗಿಯಿತು ಎಂದು ಗೊತ್ತಾಗುವುದಿಲ್ಲ, ಗೊತ್ತಾಗದ ಕಡೆ ಕಣ್ಣು ಹೆಚ್ಚಿನದನ್ನೇ ಊಹಿಸುತ್ತದೆ. ಹಾಗಾಗಿ ಹಬೆ ಕೇಳುವುದಾದರೆ ಎರಡು ಮೂರು ತೆಳು ಎಳೆ ಸಾಕು, ಅದರ ಮೂಲಕ ಬಾತಿನ ಹಿಂದಿನ ಅಂಚೂ ಪ್ಲೇಟಿನ ಅಂಚೂ ಕಾಣಬೇಕು. ಮನೆಗೆ ತಲುಪಿಸುವ ಪಾರ್ಸೆಲ್ಲಿನ ಮೆನುವಿಗಾದರೆ ಹಬೆಯೇ ಬೇಡ. ಡಬ್ಬಿಯಲ್ಲಿ ಮುಚ್ಚಿ ಅರ್ಧ ಗಂಟೆಯ ದಾರಿ ಹೋದ ಬಾತ್ ಹಬೆಯಾಡುವುದಿಲ್ಲ, ಗಟ್ಟಿಯಾಗಿರುತ್ತದೆ. ಅಲ್ಲಿ ತೋರಿಸಬೇಕಾದದ್ದು ಪ್ಲೇಟನ್ನೂ ಅಲ್ಲ, ಡಬ್ಬಿ ಎಷ್ಟು ತುಂಬಿದೆ ಎಂಬುದನ್ನು. ಬೂಂದಿಯ ಪೊಟ್ಟಣ ಬೇರೆ ಬರುವುದಾದರೆ ಚಿತ್ರದಲ್ಲೂ ಅದು ಬೇರೆಯೇ ಇರಬೇಕು.

ಇಷ್ಟನ್ನೂ ಸೇರಿಸಿ ಬರೆದ ಪ್ರಾಂಪ್ಟ್ ಹೀಗಿರುತ್ತದೆ. ಕನ್ನಡ ಅರ್ಥವಾಗುವ ಸಾಧನಕ್ಕೆ ಹೀಗೆಯೇ ಕೊಡಬಹುದು, ಆಗದಿದ್ದರೆ ಇವೇ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರೆಯಬೇಕು.

```
ದರ್ಶಿನಿಯ ಗ್ರಾನೈಟ್ ಕೌಂಟರಿನ ಮೇಲೆ ಒಂದು ಪ್ಲೇಟು ಬಿಸಿಬೇಳೆ ಬಾತ್.
ಸಾದಾ ದುಂಡು ಸ್ಟೀಲ್ ಪ್ಲೇಟು, ಇಡೀ ಪ್ಲೇಟು ಚೌಕಟ್ಟಿನೊಳಗೆ.
ಅನ್ನ, ತೊಗರಿಬೇಳೆ, ಹುರುಳಿಕಾಯಿ, ಕ್ಯಾರೆಟ್, ಬಟಾಣಿ ಒಟ್ಟಿಗೆ
ಬೆಂದು ಕಲೆತ ಮೃದುವಾದ ಬಾತ್, ಕಿತ್ತಳೆ ಕಂದು ಬಣ್ಣ.
ಬಾತ್ ಪ್ಲೇಟಿನ ಅಗಲದ ಮುಕ್ಕಾಲು ಭಾಗಕ್ಕೆ ಹರಡಿದೆ, ತಗ್ಗಾದ ಉಬ್ಬು,
ಎತ್ತರ ತನ್ನ ಅಗಲದ ಆರನೇ ಒಂದು ಭಾಗ, ಸುತ್ತ ಬರಿದಾದ ಸ್ಟೀಲ್ ಅಂಚು.
ಮೇಲೆ ಒಂದು ಚಮಚ ತುಪ್ಪ, ಎರಡು ಹೋಳು ಗೋಡಂಬಿ, ನಾಲ್ಕು ಕರಿಬೇವಿನ ಎಲೆ.
ಬಾತಿನ ಒಂದು ಬದಿಗೆ ಒಂದು ಚಮಚ ಖಾರಾ ಬೂಂದಿ.
ಪಕ್ಕದಲ್ಲಿ ಪ್ಲೇಟಿನ ಅಗಲದ ಮುಕ್ಕಾಲು ಭಾಗದಷ್ಟು ಉದ್ದದ ಸ್ಟೀಲ್ ಚಮಚ.
45 ಡಿಗ್ರಿ ಕೋನ, ಪಕ್ಕದ ಹಿಂದಿನಿಂದ ಬೆಳಕು, ಕಪ್ಪು ಹಿನ್ನೆಲೆ.
ಬಾತಿನ ಮೇಲ್ಮೈಯಿಂದ ಎರಡು ತೆಳು ಹಬೆಯ ಎಳೆ,
ಹಿಂದಿನ ಅಂಚು ಸ್ಪಷ್ಟವಾಗಿ ಕಾಣುವಂತೆ.
```

ಇದರಲ್ಲಿ ರುಚಿಯ ಬಗ್ಗೆ ಒಂದು ಮಾತೂ ಇಲ್ಲ, ಇರಬೇಕಾಗಿಯೂ ಇಲ್ಲ. ಎತ್ತರವನ್ನು ಆರನೇ ಒಂದು ಭಾಗ ಎಂದು ನಿಜಕ್ಕಿಂತ ತುಸು ಕಡಿಮೆ ಬರೆದಿರುವುದು ಬೇಕೆಂದೇ. ಸಾಧನಗಳ ಒಲವು ಸದಾ ಹೆಚ್ಚಿನ ಕಡೆಗಿರುವುದರಿಂದ ತುಸು ತಗ್ಗಿಸಿ ಹೇಳಿದರೆ ಫಲಿತಾಂಶ ನಿಜದ ಹತ್ತಿರ ಬರುತ್ತದೆ.

ಆದರೆ ಎಷ್ಟೇ ಚೆನ್ನಾದ ಪ್ರಾಂಪ್ಟೂ ಭರವಸೆ ಕೊಡಲಾರದು. ಅದೇ ಸಾಲುಗಳಿಗೆ ಸಾಧನ ಪ್ರತಿ ಸಲ ಬೇರೆ ಚಿತ್ರ ಕೊಡುತ್ತದೆ, ಪ್ರಮಾಣವೂ ಬದಲಾಗುತ್ತದೆ. ಇಲ್ಲಿ ಚಿತ್ರವನ್ನು ಆರಿಸುವವರು ಎಡವುತ್ತಾರೆ: ಬಂದ ಹಲವಾರರಲ್ಲಿ ಅಂದವಾದದ್ದನ್ನು ಎತ್ತಿಕೊಳ್ಳುತ್ತಾರೆ, ಅಂದವಾದದ್ದು ಬಹುಮಟ್ಟಿಗೆ ದೊಡ್ಡದೂ ಆಗಿರುತ್ತದೆ. ಮೊದಲು ಅಳೆಯಬೇಕು, ಆಮೇಲೆ ಅಂದ ನೋಡಬೇಕು. ಓರೆಯಾಗಿ ನೋಡಿದ ದುಂಡು ಪ್ಲೇಟು ಚಿತ್ರದಲ್ಲಿ ಅಂಡಾಕಾರವಾದರೂ ಅದರ ಅಡ್ಡಗಲ, ಅಂದರೆ ಉದ್ದನೆಯ ಅಳತೆ, ಕುಗ್ಗುವುದಿಲ್ಲ. ಆ ಗೆರೆಯ ಮೇಲೆ ಪ್ಲೇಟಿನ ಅಗಲವನ್ನೂ ಬಾತಿನ ಅಗಲವನ್ನೂ ಅಡಿಪಟ್ಟಿಯಿಂದ ಅಳೆದರೆ 22ಕ್ಕೆ 16ರ ಅನುಪಾತ ಉಳಿದಿದೆಯೇ ಎಂದು ತಕ್ಷಣ ಗೊತ್ತಾಗುತ್ತದೆ. ಎತ್ತರ ಓರೆ ನೋಟದಲ್ಲಿ ಕುಗ್ಗಿ ಕಾಣುವುದರಿಂದ ಅದನ್ನು ಹೀಗೆ ಅಳೆಯಲಾಗದು. ಅದಕ್ಕೆ ನಂಬಬಹುದಾದ ದಾರಿ ಒಂದೇ: ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಕೌಂಟರಿಗೆ ಬಂದ ಒಂದು ಪ್ಲೇಟನ್ನು ಅದೇ ಕೋನದಿಂದ ಮೊಬೈಲಿನಲ್ಲಿ ತೆಗೆದು, ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು. ಮಾಲೀಕರಿಗಾಗಿ ಜೋಡಿಸಿ ತಂದ ಪ್ಲೇಟು ಇದಕ್ಕೆ ಆಗುವುದಿಲ್ಲ. ಎರಡನ್ನೂ ನೋಡಿ ತೀರ್ಪು ಹೇಳಬೇಕಾದವರು ಬಡಿಸುವವರು ಮತ್ತು ಸಪ್ಲೈಯರ್‌ಗಳು, ಏಕೆಂದರೆ ಚಿತ್ರಕ್ಕೂ ಪ್ಲೇಟಿಗೂ ವ್ಯತ್ಯಾಸವಾದಾಗ ಗಿರಾಕಿಯ ಮಾತು ಕೇಳುವವರು ಅವರೇ.

ಹಾಗೆ ತೆಗೆದ ಮೊಬೈಲ್ ಚಿತ್ರ ಕೈಯಲ್ಲಿದ್ದರೆ ಸಾಧನಕ್ಕೆ ಅದನ್ನೇ ಆಧಾರವಾಗಿ ಕೊಡುವುದು ಇನ್ನೂ ಮೇಲು. ಆಧಾರಚಿತ್ರದಿಂದ ಎಷ್ಟು ದೂರ ಸರಿಯಬಹುದು ಎಂಬುದನ್ನು ನಿಗದಿ ಮಾಡುವ ಗುಂಡಿ ಹಲವು ಸಾಧನಗಳಲ್ಲಿದೆ. ಅದನ್ನು ಕಡಿಮೆಗೆ ಇಟ್ಟರೆ ಬಾತಿನ ರೂಪ ಉಳಿದು ಬೆಳಕು, ಹಿನ್ನೆಲೆ ಮಾತ್ರ ಸುಧಾರಿಸುತ್ತವೆ. ಚಿತ್ರದ ಒಂದು ಭಾಗವನ್ನಷ್ಟೇ ಗುರುತು ಮಾಡಿ ಬದಲಿಸುವ ಸೌಲಭ್ಯವಿದ್ದರೆ ಪ್ಲೇಟನ್ನು ಮುಟ್ಟದೆ ಸುತ್ತಲಿನ ಕೌಂಟರನ್ನು ಮಾತ್ರ ಶುಚಿ ಮಾಡಿಸಬಹುದು. ಪ್ಲೇಟಿನೊಳಗೆ ಯಂತ್ರದ ಕೈ ಹೋಗದಿದ್ದಷ್ಟೂ ಚಿತ್ರ ನಂಬಿಕೆಗೆ ಅರ್ಹ.

ಪ್ರಾಮಾಣಿಕ ಚಿತ್ರ ಮಾರುವುದಿಲ್ಲ ಎಂಬುದು ಈ ಮತದ ಕೊನೆಯ ಆಸರೆ. ಇದಕ್ಕೆ ವ್ಯಾಪಾರದ ಒಳಗಿನಿಂದಲೇ ಉತ್ತರ ಬಂದಿದೆ. 2024ರ ಆಗಸ್ಟಿನಲ್ಲಿ ಜೊಮ್ಯಾಟೊ, ಹೋಟೆಲುಗಳು ತಮ್ಮ ಮೆನುವಿನಲ್ಲಿ ಕೃತಕ ಬುದ್ಧಿಮತ್ತೆಯಿಂದ ರಚಿಸಿದ ತಿಂಡಿಯ ಚಿತ್ರಗಳನ್ನು ಬಳಸುವುದು ಬೇಡವೆಂದು ಹೇಳಿ, ಇರುವ ಅಂಥ ಚಿತ್ರಗಳನ್ನು ತೆಗೆದುಹಾಕುವುದಾಗಿ ಪ್ರಕಟಿಸಿತು. ಅದು ಕೊಟ್ಟ ಕಾರಣ ನೀತಿಬೋಧೆಯಲ್ಲ: ಗಿರಾಕಿಗಳ ನಂಬಿಕೆ ಮುರಿಯುತ್ತಿದೆ, ದೂರು ಮತ್ತು ಹಣ ಮರಳಿ ಕೊಡುವ ಪ್ರಸಂಗ ಹೆಚ್ಚುತ್ತಿದೆ, ರೇಟಿಂಗ್ ಇಳಿಯುತ್ತಿದೆ. ಹಿಗ್ಗಿಸಿದ ಚಿತ್ರ ಮೊದಲ ಆರ್ಡರನ್ನು ತರಬಹುದು, ಎರಡನೆಯದನ್ನು ಕಳೆಯುತ್ತದೆ. ದರ್ಶಿನಿ ಬದುಕುವುದು ದಿನವೂ ಬರುವ ಗಿರಾಕಿಯಿಂದ. ಇಂಥ ನಿಯಮವಿರುವ ಕಡೆ ಎಷ್ಟೇ ಪ್ರಾಮಾಣಿಕ ಪ್ರಾಂಪ್ಟಿನ ಚಿತ್ರವನ್ನೂ ಹಾಕುವಂತಿಲ್ಲ, ಅಲ್ಲಿ ಕ್ಯಾಮೆರಾದ ಚಿತ್ರವೇ ಬೇಕು.

'ಚಿತ್ರ ಪ್ರಾತಿನಿಧಿಕ ಮಾತ್ರ' ಎಂದು ಮೆನುವಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿ ಕೈತೊಳೆದುಕೊಳ್ಳುವ ಪದ್ಧತಿಯೂ ಇದೆ. ಪ್ಲೇಟಿನ ಬಣ್ಣ ಬೇರೆಯಾಗಬಹುದು, ಕರಿಬೇವಿನ ಎಲೆ ಇನ್ನೊಂದು ಕಡೆ ಬೀಳಬಹುದು ಎಂಬಷ್ಟಕ್ಕೆ ಆ ಮಾತು ಸಲ್ಲುತ್ತದೆ. ಎರಡು ಸೌಟನ್ನು ಐದು ಸೌಟಾಗಿ ತೋರಿಸಿದ್ದಕ್ಕೆ ಅದು ಸಲ್ಲದು. ಚಿತ್ರದ ಕೆಳಗೆ ಏನಾದರೂ ಬರೆಯಲೇಬೇಕಿದ್ದರೆ ಉಪಯೋಗಕ್ಕೆ ಬರುವುದು ಅಳತೆ: 'ಸುಮಾರು 300 ಗ್ರಾಂ'. ಹತ್ತು ಅಥವಾ ಅದಕ್ಕಿಂತ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಒಂದು ಬಾರಿ ಬಡಿಸುವ ಪ್ರಮಾಣವನ್ನೂ ಅದರ ಕ್ಯಾಲೊರಿಯನ್ನೂ ತೋರಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳು ಹೇಳುತ್ತವೆ. ಅಂಥ ಮೆನುವಿನಲ್ಲಿ ಗ್ರಾಂ ಒಂದು ಹೇಳಿ ಚಿತ್ರ ಇನ್ನೊಂದು ಹೇಳಿದರೆ ಸುಳ್ಳು ಒಂದೇ ಸಾಲಿನಲ್ಲಿ ಬಯಲಾಗುತ್ತದೆ. ಒಂದೆರಡು ಶಾಖೆಯ ಹೋಟೆಲಿಗೆ ಈ ಕಡ್ಡಾಯವಿಲ್ಲ, ಬರೆಯಬಾರದೆಂದೂ ಇಲ್ಲ.

ಬೇಳೆಯ ಬೆಲೆ ಏರಿದಾಗ ಮೆನುವಿನ ದರ ಹಾಗೇ ಉಳಿದು ಸೌಟು ಸಣ್ಣದಾಗುವುದು ಹೋಟೆಲಿನಲ್ಲಿ ಹೊಸತಲ್ಲ. ಆಗ ಹಳೆಯ ಚಿತ್ರ, ಒಮ್ಮೆ ನಿಜವೇ ಆಗಿದ್ದದ್ದು, ಸುಳ್ಳಾಗುತ್ತದೆ. ಆದ್ದರಿಂದ ಪ್ರತಿ ಚಿತ್ರದ ಜೊತೆಗೆ ಅದರ ಪ್ರಾಂಪ್ಟು, ಸೌಟಿನ ಅಳತೆ, ಪ್ಲೇಟಿನ ಅಗಲ, ಹೋಲಿಸಲು ತೆಗೆದ ಮೊಬೈಲ್ ಚಿತ್ರ ಮತ್ತು ತಾರೀಕನ್ನು ಒಂದೇ ಕಡೆ ಇಡಬೇಕು. 150ರ ಸೌಟು 125ಕ್ಕೆ ಇಳಿದ ದಿನ ಪ್ರಾಂಪ್ಟಿನಲ್ಲಿ ಬದಲಿಸಬೇಕಾದದ್ದು ಒಂದೇ ಸಾಲು: ಬಾತ್ ಈಗ ಪ್ಲೇಟಿನ ಅಗಲದ ಮೂರರಲ್ಲಿ ಎರಡು ಭಾಗಕ್ಕೆ ಹರಡಿದೆ, ಅಂಚಿನ ಬರಿ ಸ್ಟೀಲು ಅಷ್ಟು ಹೆಚ್ಚಾಗಿದೆ.